ಲಿಂಕಿನ ಜೊತೆ ಹೋಗುವ ಕಾರ್ಡು

ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಅಂಟಿಸಿ, ಕಳಿಸುವ ಗುಂಡಿ ಒತ್ತದೆ ಸ್ವಲ್ಪ ಸುಮ್ಮನಿರಿ. ಒಂದೆರಡು ಕ್ಷಣದಲ್ಲಿ ಬರೆಯುವ ಜಾಗದ ಮೇಲೆ ಪುಟ್ಟ ಕಾರ್ಡೊಂದು ಮೂಡುತ್ತದೆ. ಅದರಲ್ಲೊಂದು ಚಿತ್ರ, ಒಂದು ಶೀರ್ಷಿಕೆ, ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ, ಕೊನೆಗೆ ವೆಬ್‌ಸೈಟಿನ ಹೆಸರು. ಇದನ್ನು ಮಾಡಿಕೊಟ್ಟವರು ಯಾರು? ಕಂಪನಿಯ ಸರ್ವರ್ ಎಲ್ಲೋ ದೂರದಲ್ಲಿ ಕೂತು ಮಾಡಿರಬೇಕು ಎಂದೇ ಬಹಳಷ್ಟು ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಕೈಯಲ್ಲಿರುವ ಫೋನೇ ಆ ಪುಟದ ಬಾಗಿಲು ತಟ್ಟಿ, ಒಳಗಿನ ಬರಹದ ಮೇಲ್ಭಾಗವನ್ನು ಓದಿ, ಚಿತ್ರವನ್ನು ಇಳಿಸಿಕೊಂಡು, ಚಿಕ್ಕದು ಮಾಡಿ, ಸಂದೇಶಕ್ಕೆ ಹೊಲಿದುಬಿಡುತ್ತದೆ. ಕಳಿಸಿದಾಗ ಲಿಂಕಿನ ಜೊತೆ ಆ ಕಾರ್ಡೂ ಗೂಢಲಿಪಿಯ ಪೊಟ್ಟಣದೊಳಗೇ ಹೋಗುತ್ತದೆ. ಪಡೆದವರ ಫೋನು ಆ ವೆಬ್‌ಸೈಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಬಂದ ಕಾರ್ಡನ್ನು ಹಾಗೇ ತೋರಿಸುತ್ತದೆ.

ವ್ಯಾಪಾರಕ್ಕೆ ವೆಬ್‌ಸೈಟ್ ಇಟ್ಟುಕೊಂಡವರು ಈ ಒಂದು ಸಂಗತಿಯನ್ನು ಗಟ್ಟಿ ಹಿಡಿದುಕೊಂಡರೆ ಉಳಿದ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾರ್ಡು ಕಟ್ಟುವ ಕೆಲಸ ಕಳಿಸುವವರ ಫೋನಿನಲ್ಲಿ, ಅವರ ನೆಟ್‌ವರ್ಕಿನಲ್ಲಿ, ಒಂದೆರಡು ಕ್ಷಣದಲ್ಲಿ ಮುಗಿಯಬೇಕು. ಪುಟ ನಿಧಾನವಾಗಿದ್ದರೆ ಅಷ್ಟರಲ್ಲಿ ಬೆರಳು ಬಾಣದ ಗುರುತನ್ನು ಒತ್ತಿರುತ್ತದೆ, ಬರೀ ನೀಲಿ ಅಕ್ಷರದ ಲಿಂಕು ಹೋಗಿರುತ್ತದೆ. ಚಿತ್ರ ಭಾರವಾಗಿದ್ದರೆ ಫೋನು ಅದನ್ನು ಬಿಟ್ಟೇಬಿಡುತ್ತದೆ. ಒಮ್ಮೆ ಹೋದ ಕಾರ್ಡನ್ನು ಯಾರೂ ತಿದ್ದಲಾರರು. ಹಂಚಿಯಾದ ಲಗ್ನಪತ್ರಿಕೆಯ ಮುಹೂರ್ತದ ಹಾಗೆ, ಮನೆಯಲ್ಲಿ ನೀವು ಏನು ಬದಲಾಯಿಸಿಕೊಂಡರೂ ಊರವರ ಕೈಯಲ್ಲಿರುವುದು ಹಳೆಯದೇ.

ಫೋನು ಆ ಪುಟದಲ್ಲಿ ಹುಡುಕುವುದು ನಾಲ್ಕೈದು ಸಾಲುಗಳನ್ನು ಮಾತ್ರ. ಅವುಗಳ ಹೆಸರು ಓಪನ್ ಗ್ರಾಫ್ ಟ್ಯಾಗ್. 2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ತನ್ನ ಲೈಕ್ ಗುಂಡಿಯನ್ನು ಬೇರೆ ವೆಬ್‌ಸೈಟುಗಳಿಗೂ ಹಂಚಲು ಹೊರಟಾಗ ಈ ಟ್ಯಾಗುಗಳನ್ನು ಮುಂದಿಟ್ಟಿತು. ಜನ ಲೈಕ್ ಒತ್ತಿದ್ದು ಸಿನಿಮಾಗೋ ಹೋಟೆಲಿಗೋ ಲೇಖನಕ್ಕೋ ಎಂದು ಫೇಸ್‌ಬುಕ್ಕಿಗೆ ತಿಳಿಯಬೇಕಿತ್ತು, ಅಷ್ಟೇ. ವಾಟ್ಸ್‌ಆ್ಯಪ್ ಫೇಸ್‌ಬುಕ್ಕಿನ ಪಾಲಾಗಿದ್ದು 2014ರಲ್ಲಿ. ಇವತ್ತು ಅದೇ ಟ್ಯಾಗುಗಳನ್ನು ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್, ಐಫೋನಿನ ಮೆಸೇಜ್, ಲಿಂಕ್ಡ್‌ಇನ್ ಎಲ್ಲವೂ ಓದುತ್ತವೆ. ಲೈಕ್ ಗುಂಡಿಗೆಂದು ಹುಟ್ಟಿದ್ದು ಕಾರ್ಡಿಗೆ ಉಳಿಯಿತು.

ಮಾತು ನೆಲಕ್ಕಿಳಿಯಲು ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಇಳಕಲ್ಲಿನ ಒಂದು ಸೀರೆ ಅಂಗಡಿ. ಮಾಲೀಕರ ಮನೆಯಲ್ಲೇ ಕೈಮಗ್ಗವಿದೆ. ಊರಿನ ಹುಡುಗನೊಬ್ಬ ವೆಬ್‌ಸೈಟ್ ಕಟ್ಟಿಕೊಟ್ಟಿದ್ದಾನೆ. ಬೆಂಗಳೂರು, ಪುಣೆ, ಸೊಲ್ಲಾಪುರದ ಗಿರಾಕಿಗಳಿಗೆ ಮಾಲೀಕರು ದಿನವೂ ಸೀರೆಯ ಪುಟದ ಲಿಂಕು ಕಳಿಸುತ್ತಾರೆ. ಅವರ ತಕರಾರು ಇದು: "ಫೇಸ್‌ಬುಕ್ಕಿನ್ಯಾಗ ಹಾಕಿದ್ರ ಸೀರಿ ಫೋಟೋ ಚಂದ ಬರತೈತ್ರಿ ಸರ. ವಾಟ್ಸ್‌ಆ್ಯಪ್‌ನ್ಯಾಗ ಅದ ಲಿಂಕ್ ಕಳಿಸಿದ್ರ ಬರೇ ಬೂದಿ ಬಣ್ಣದ ಡಬ್ಬಿ, ಮ್ಯಾಲ Home ಅಂತ ಇಂಗ್ಲಿಷ್ ಅಕ್ಷರ. ಯಾವ ಸೀರಿ ಕಳಿಸಿದ್ರೂ ಅದ Home. ಗಿರಾಕಿ ಏನಂತ ಒತ್ತಬೇಕ್ರಿ?"

ತಕರಾರಿನಲ್ಲಿ ಎರಡು ಬೇರೆ ಬೇರೆ ರೋಗಗಳಿವೆ, ಅವರು ಒಂದೇ ಎಂದುಕೊಂಡಿದ್ದಾರೆ. ಬಿಡಿಸಿ ನೋಡಲು ಕಂಪ್ಯೂಟರಿನಲ್ಲಿ ಆ ಸೀರೆಯ ಪುಟ ತೆರೆದು Ctrl ಮತ್ತು U ಒಟ್ಟಿಗೆ ಒತ್ತಬೇಕು. ಪುಟದ ಹಿಂದಿನ ಬರಹ ಹೊಸ ಕಿಟಕಿಯಲ್ಲಿ ಬರುತ್ತದೆ. ಅಲ್ಲಿ og: ಎಂದು ಹುಡುಕಿದರೆ ಇರಬೇಕಾದದ್ದು ಹೀಗೆ:

```html
<meta property="og:title" content="ಟೋಪ್ ತೆನಿ ಸೆರಗಿನ ಇಳಕಲ್ ಕೈಮಗ್ಗದ ಸೀರೆ">
<meta property="og:description" content="ಹತ್ತಿ ಒಡಲು, ಚಿಕ್ಕಿ ಅಂಚು. ನಮ್ಮ ಮಗ್ಗದಲ್ಲೇ ನೇಯ್ದದ್ದು.">
<meta property="og:image" content="https://example.com/img/tope-teni-1.jpg">
<meta property="og:url" content="https://example.com/tope-teni">
```

ನಮ್ಮ ಅಂಗಡಿಯ ಪುಟದಲ್ಲಿ og:title ಇಲ್ಲವೇ ಇಲ್ಲ. ಟ್ಯಾಗ್ ಸಿಗದಿದ್ದಾಗ ಫೋನು ಬ್ರೌಸರ್ ಪಟ್ಟಿಯ ಮೇಲೆ ಕಾಣುವ ಸಾಮಾನ್ಯ ಶೀರ್ಷಿಕೆಯನ್ನು ಎತ್ತಿಕೊಳ್ಳುತ್ತದೆ. ಅದನ್ನು ಹುಡುಗ ಎಲ್ಲ ಪುಟಗಳಿಗೂ Home ಎಂದೇ ಬಿಟ್ಟಿದ್ದಾನೆ. ಇದು ಅಪರೂಪದ ತಪ್ಪೇನಲ್ಲ. ಹಳೆಯ ವರ್ಡ್‌ಪ್ರೆಸ್ ತಾಣಗಳಲ್ಲಿ "Just another WordPress site" ಎಂಬ ಸಾಲು ಇವತ್ತಿಗೂ ಎಷ್ಟೋ ಅಂಗಡಿಗಳ, ಶಾಲೆಗಳ ಕಾರ್ಡಿನ ಮೇಲೆ ಮೆರೆಯುತ್ತಿರುವುದು ಇದೇ ಕಾರಣಕ್ಕೆ.

ಚಿತ್ರದ ಕತೆ ಬೇರೆ. og:image ಇದೆ, ವಿಳಾಸವೂ ಸರಿಯಿದೆ. ಆ ವಿಳಾಸವನ್ನು ಬೇರೆ ಟ್ಯಾಬಿನಲ್ಲಿ ತೆರೆದರೆ ಸೀರೆ ಕಾಣುತ್ತದೆ. ಆದರೆ ಕಡತವನ್ನು ಇಳಿಸಿ ಅಳತೆ ನೋಡಿದರೆ ಮೂರೂವರೆ ಎಂಬಿ: ಫೋನಿನಲ್ಲಿ ತೆಗೆದ ಫೋಟೋವನ್ನು ಹಾಗೇ ಏರಿಸಿದ್ದಾರೆ. ಫೇಸ್‌ಬುಕ್ 8 ಎಂಬಿಯವರೆಗೆ ಚಿತ್ರ ತೆಗೆದುಕೊಳ್ಳುತ್ತದೆ, ಏಕೆಂದರೆ ಅಲ್ಲಿ ಚಿತ್ರ ಇಳಿಸಿಕೊಳ್ಳುವುದು ಕಂಪನಿಯ ದೊಡ್ಡ ಸರ್ವರ್. ವಾಟ್ಸ್‌ಆ್ಯಪ್ ಹೇಳುವ ಮಿತಿ 600 ಕೆಬಿ, ಏಕೆಂದರೆ ಇಲ್ಲಿ ಇಳಿಸಿಕೊಳ್ಳುವುದು ಬಸ್ಸಿನಲ್ಲಿ ಕೂತವರ ಫೋನು, ಅವರ ಡೇಟಾ. ಅಗಲ ಕನಿಷ್ಠ 300 ಪಿಕ್ಸೆಲ್ ಇರಬೇಕು, ಅಗಲವು ಎತ್ತರದ ನಾಲ್ಕು ಪಟ್ಟು ಮೀರಬಾರದು ಎಂಬುದು ಅದೇ ಪಟ್ಟಿಯ ಇನ್ನೆರಡು ಮಾತು. ಫೇಸ್‌ಬುಕ್ಕಿನಲ್ಲಿ ಚಂದ, ವಾಟ್ಸ್‌ಆ್ಯಪ್‌ನಲ್ಲಿ ಖಾಲಿ ಎಂದರೆ ಮೊದಲು ಶಂಕಿಸಬೇಕಾದದ್ದು ಚಿತ್ರದ ತೂಕವನ್ನೇ. ನಾನಂತೂ 600 ಇದೆ ಎಂದು 590 ಇಡುವುದಿಲ್ಲ. 200 ಕೆಬಿಯ ಆಸುಪಾಸು ಇಟ್ಟರೆ ಹಳ್ಳಿಯ ಸಿಗ್ನಲ್ಲಿನಲ್ಲೂ ಕಾರ್ಡು ಬೇಗ ಕಟ್ಟಿಕೊಳ್ಳುತ್ತದೆ. 1200 ಪಿಕ್ಸೆಲ್ ಅಗಲ, 630 ಎತ್ತರಕ್ಕೆ ಕತ್ತರಿಸಿ, ಜೆಪೆಗ್ ರೂಪದಲ್ಲಿ ಗುಣಮಟ್ಟ 80ರ ಹತ್ತಿರ ಉಳಿಸಿದರೆ ಸೀರೆಯ ಫೋಟೋ ಸಾಮಾನ್ಯವಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

1200ಕ್ಕೆ 630 ಎಂಬ ಅಳತೆ ಫೇಸ್‌ಬುಕ್ಕಿನಿಂದ ಬಂದದ್ದು, ಉಳಿದವರೂ ಒಪ್ಪಿಕೊಂಡಿದ್ದಾರೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡು ಎರಡು ಬಗೆಯಲ್ಲಿ ಕಾಣಬಹುದು. ಕೆಲವೊಮ್ಮೆ ಚಿತ್ರ ಮೇಲೆ ಪೂರ್ತಿ ಅಗಲಕ್ಕೆ ಹರಡಿಕೊಳ್ಳುತ್ತದೆ. ಕೆಲವೊಮ್ಮೆ ಶೀರ್ಷಿಕೆಯ ಪಕ್ಕ ಪುಟ್ಟ ಚೌಕವಾಗಿ ಕೂರುತ್ತದೆ. ಯಾವುದು ಎಂಬುದು ಚಿತ್ರ, ಫೋನು, ಆ್ಯಪಿನ ಆವೃತ್ತಿ ಎಲ್ಲ ಸೇರಿ ಆಗುವ ತೀರ್ಮಾನ, ನಮ್ಮ ಕೈಯಲ್ಲಿಲ್ಲ. ಚೌಕವಾದಾಗ ಎಡ ಬಲದ ಅಂಚುಗಳು ಹಾರಿಹೋಗುತ್ತವೆ. ಲೆಕ್ಕ ಸುಲಭ: 630ರ ಚೌಕ ನಡುವೆ ಉಳಿದರೆ ಎರಡೂ ಬದಿಗೆ 285 ಪಿಕ್ಸೆಲ್ ನಷ್ಟ. ಎಡತುದಿಯಲ್ಲಿ ಅಂಗಡಿಯ ಹೆಸರು, ಬಲತುದಿಯಲ್ಲಿ ಫೋನ್ ನಂಬರು ಬರೆದಿದ್ದರೆ ಹೆಸರಿನ ಬಾಲ, ನಂಬರಿನ ತಲೆ ಮಾತ್ರ ಉಳಿಯುತ್ತದೆ.

ಆದ್ದರಿಂದ ಸೀರೆಯನ್ನು ಪೂರ್ತಿ ಹಾಸಿ ದೂರದಿಂದ ತೆಗೆದ ಫೋಟೋ ಕಾರ್ಡಿಗೆ ಬೇಡ. ಇಳಕಲ್ ಸೀರೆಯನ್ನು ಬಲ್ಲವರು ದೂರದಿಂದಲೇ ಗುರುತಿಸುವುದು ಸೆರಗಿನಿಂದ. ಕೆಂಪು ರೇಷ್ಮೆಯ ಮೇಲೆ ಬಿಳಿಯ ಗೋಪುರದ ಸಾಲು ಎದ್ದು ನಿಂತಂಥ ಟೋಪ್ ತೆನಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕಸುಬು ಈ ಊರಿನ ಗುರುತು. ಆ ಕೊಂಡಿ ಕೂಡುವ ಜಾಗವನ್ನು, ಅರ್ಧ ಸೆರಗು ಅರ್ಧ ಒಡಲು ಬರುವಂತೆ, ಹತ್ತಿರದಿಂದ ತೆಗೆದು ಚೌಕದ ನಡುವೆ ಇಟ್ಟರೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದಾಗಲೂ ಇದು ಇಳಕಲ್ಲೇ ಎಂದು ತಿಳಿಯುತ್ತದೆ. ಅಂಚಿನ ಚಿಕ್ಕಿ, ಗೋಮಿಗಳ ಸೂಕ್ಷ್ಮ ಆ ಅಳತೆಯಲ್ಲಿ ಕಾಣುವುದಿಲ್ಲ, ಅದಕ್ಕೆ ಪುಟದ ಒಳಗೆ ಜಾಗವಿದೆ.

ಲಾಂಛನ ಹಾಕುವ ಚಪಲವೊಂದು ಎಲ್ಲ ಮಾಲೀಕರಿಗೂ ಇರುತ್ತದೆ. ಗಿರಾಕಿಗೆ ಬೇಕಾದ್ದು ಸೀರೆ, ಲಾಂಛನವಲ್ಲ ಎಂದು ಹೇಳಿದರೆ ಸ್ವಲ್ಪ ಬೇಜಾರಾಗುತ್ತಾರೆ. ಹಾಕಲೇಬೇಕೆಂದರೆ ಹಿನ್ನೆಲೆಯಿಲ್ಲದ ಪಾರದರ್ಶಕ ಪಿಎನ್‌ಜಿ ಬೇಡ: ಕಾರ್ಡಿನಲ್ಲಿ ಅದರ ಹಿನ್ನೆಲೆ ಕಪ್ಪಾಗಬಹುದು, ಆಗ ಕಪ್ಪು ಅಕ್ಷರದ ಹೆಸರು ಕಪ್ಪಿನಲ್ಲೇ ಮುಳುಗಿಹೋಗುತ್ತದೆ. ಎಸ್‌ವಿಜಿ ರೂಪದ ಲಾಂಛನವನ್ನಂತೂ ಕಾರ್ಡು ಕಟ್ಟುವ ಆ್ಯಪ್‌ಗಳು ಚಿತ್ರವೆಂದು ಒಪ್ಪುವುದನ್ನು ನೆಚ್ಚಿಕೊಳ್ಳುವಂತಿಲ್ಲ.

ಇನ್ನು ಶೀರ್ಷಿಕೆ. ಇಲ್ಲಿ ಕನ್ನಡದವರಿಗೆ ಮಾತ್ರ ಎದುರಾಗುವ ತೊಡಕುಗಳಿವೆ, ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಇವು ಸಿಗುವುದಿಲ್ಲ.

ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಎಷ್ಟೋ ಕೆಲಸ ನಡೆಯುವುದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದ ಒಳಗಿರುವುದು ಲ್ಯಾಟಿನ್ ಅಕ್ಷರಗಳು. ಆ ಫಾಂಟನ್ನು ವೆಬ್‌ಸೈಟಿಗೇ ಅಂಟಿಸಿದ್ದರೆ ಪುಟದೊಳಗೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಮಾಲೀಕರು ಖುಷಿಯಾಗಿರುತ್ತಾರೆ. ಆದರೆ ಕಾರ್ಡಿನ ಶೀರ್ಷಿಕೆಯನ್ನು ಬಿಡಿಸುವುದು ಫೋನಿನ ಸ್ವಂತ ಫಾಂಟು. ಅದಕ್ಕೆ ನುಡಿಯ ಗುಟ್ಟು ಗೊತ್ತಿಲ್ಲ. 'ಕನ್ನಡ' ಎಂದು ಇರಬೇಕಾದ ಕಡೆ `PÀ£ÀßqÀ` ಎಂದು ಬರುತ್ತದೆ. ಕಾರ್ಡಿನಲ್ಲಿ ಇಂಥ ಗುರುತುಗಳು ಕಂಡರೆ ಕಾರಣ ಇದೇ, ಬೇರೆ ಹುಡುಕಬೇಕಿಲ್ಲ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಿ ಟ್ಯಾಗಿನಲ್ಲಿ ಹಾಕಬೇಕು. ಅರ್ಕಾವತ್ತು ಮತ್ತು ಒತ್ತಕ್ಷರಗಳು ಪರಿವರ್ತನೆಯಲ್ಲಿ ಜಾಗ ತಪ್ಪುವುದುಂಟು, ಆದ್ದರಿಂದ ಒಮ್ಮೆ ಕಣ್ಣಾಡಿಸಿ.

ತಮಾಷೆಯೆಂದರೆ ಚಿತ್ರದೊಳಗಿನ ಅಕ್ಷರಕ್ಕೆ ಈ ಮಾತು ತಿರುಗುಮುರುಗು. ಚಿತ್ರದ ಮೇಲೆ ಬರೆದ ಅಕ್ಷರ ಉಳಿಸಿದ ಮೇಲೆ ಬರೀ ಬಣ್ಣದ ಚುಕ್ಕಿಗಳು, ಅಲ್ಲಿ ಹಳೆಯ ನುಡಿಯಾದರೂ ತೊಂದರೆಯಿಲ್ಲ. ಯೂನಿಕೋಡಿನಲ್ಲಿ ಬರೆಯಹೊರಟರೇ ಅಲ್ಲಿ ಕಷ್ಟ. ಕನ್ನಡದಲ್ಲಿ ಅಕ್ಷರಗಳು ಸಾಲಾಗಿ ನಿಂತರೆ ಸಾಲದು. ಒತ್ತು ಕೆಳಗಿಳಿಯಬೇಕು, ಗುಣಿತ ತಲೆಗಟ್ಟಿಗೆ ಹೊಂದಬೇಕು. ಈ ಜೋಡಣೆ ಬಾರದ ತಂತ್ರಾಂಶ 'ಹತ್ತಿ' ಎಂಬಲ್ಲಿ ತಕಾರದ ಪಕ್ಕ ಅರ್ಧಾಕ್ಷರದ ಗೆರೆ ಎಳೆದು ಮುಂದೆ ಇನ್ನೊಂದು ತಕಾರ ನಿಲ್ಲಿಸುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿ ಬಳಸುವವರು ಪ್ಯಾರಾಗ್ರಾಫ್ ಸಿದ್ಧತೆಗಳಲ್ಲಿ World-Ready Layout ಆರಿಸಿಕೊಳ್ಳಬೇಕಾಗುವುದು ಇದಕ್ಕೇ. ನೂರಾರು ಸೀರೆಗಳಿಗೆ ಸರ್ವರಿನಲ್ಲೇ ತಾನಾಗಿ ಚಿತ್ರ ಮಾಡಿಸುವವರಿಗೆ ಇದು ಇನ್ನೂ ಹೆಚ್ಚಿನ ಕಾಟ. ಪಿಎಚ್‌ಪಿಯ ಜಿಡಿ ಎಂಬ ಚಿತ್ರಸಲಕರಣೆಯಿಂದ ಕನ್ನಡ ಬರೆಸಿದರೆ ಸಾಮಾನ್ಯವಾಗಿ ಒತ್ತಕ್ಷರ ಒಡೆಯುತ್ತದೆ. ಪೈಥಾನಿನ ಪಿಲ್ಲೋ ಆದರೆ ಅದರ ಜೊತೆ ರಾಕ್ಮ್ ಎಂಬ ಜೋಡಣೆಯ ಗ್ರಂಥಾಲಯವೂ ಇರಬೇಕು. ಈ ತಲೆನೋವೇ ಬೇಡವೆಂದರೆ ಚಿತ್ರವನ್ನು ಮೊದಲು ಒಂದು ವೆಬ್ ಪುಟದಂತೆ ಕಟ್ಟಿ, ನೋಟೋ ಸಾನ್ಸ್ ಕನ್ನಡದಂಥ ಫಾಂಟು ಕೊಟ್ಟು, ಕ್ರೋಮ್ ಬ್ರೌಸರಿನಿಂದ ಅದರ ಫೋಟೋ ತೆಗೆಸುವುದು ವಾಸಿ. ಬ್ರೌಸರಿಗೆ ಕನ್ನಡ ಜೋಡಿಸುವುದು ಚೆನ್ನಾಗಿ ಬರುತ್ತದೆ. ಹಾಗೆ ನೋಡಿದರೆ ಚಿತ್ರದ ಮೇಲೆ ಅಕ್ಷರವೇ ಯಾಕೆ ಬೇಕು? ಕೆಳಗೆ ಶೀರ್ಷಿಕೆ ಇದ್ದೇ ಇದೆ, ಅದನ್ನು ಫೋನು ತಾನೇ ಶುದ್ಧವಾಗಿ ಬಿಡಿಸುತ್ತದೆ.

ಶೀರ್ಷಿಕೆಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು, ಚೌಕದ ಕಾರ್ಡಾದರೆ ಇನ್ನೂ ಕಡಿಮೆ. ಕನ್ನಡದ ಅಕ್ಷರ ಇಂಗ್ಲಿಷಿನದಕ್ಕಿಂತ ಅಗಲ, ಹಾಗಾಗಿ ಇಂಗ್ಲಿಷಿನವರು ಹೇಳುವ ಅರವತ್ತು ಅಕ್ಷರದ ಲೆಕ್ಕ ನಮಗೆ ಹೊಂದುವುದಿಲ್ಲ. ಮೊದಲ ನಾಲ್ಕು ಪದದಲ್ಲಿ ಸರಕು ಯಾವುದೆಂದು ಬಂದುಬಿಡಬೇಕು ಎಂಬುದು ನಾನು ಪಾಲಿಸುವ ಅಳತೆ. 'ಸುಸ್ವಾಗತ' ಎಂದೋ, ಮೂರು ತಲೆಮಾರಿನ ಅಂಗಡಿಯ ಉದ್ದ ಹೆಸರಿನಿಂದಲೋ ಶುರುಮಾಡಿದರೆ ಸೀರೆ ಮೂರು ಚುಕ್ಕಿಗಳಲ್ಲಿ ಕಳೆದುಹೋಗುತ್ತದೆ. ಅಂಗಡಿಯ ಗುರುತು ಹೇಗೂ ಕಾರ್ಡಿನ ಕೊನೆಯಲ್ಲಿ ತಾಣದ ಹೆಸರಾಗಿ ಬರುತ್ತದೆ.

ಪುಟದ ವಿಳಾಸದಲ್ಲೇ ಕನ್ನಡ ಬರೆಯುವ ಆಸೆ ಇರುವವರಿಗೆ ಒಂದು ಮಾತು. ಬ್ರೌಸರಿನಲ್ಲಿ 'ಸೀರೆ' ಎಂದು ಚಂದವಾಗಿ ಕಾಣುವ ವಿಳಾಸವನ್ನು ನಕಲು ಮಾಡಿ ಅಂಟಿಸಿದಾಗ ಹೀಗಾಗುತ್ತದೆ:

```
%E0%B2%B8%E0%B3%80%E0%B2%B0%E0%B3%86
```

ಎರಡು ಅಕ್ಷರದ ಪದಕ್ಕೆ 36 ಗುರುತುಗಳು. ಕಾರ್ಡೇನೋ ಸರಿಯಾಗಿಯೇ ಬರುತ್ತದೆ, ಅದರ ಕೆಳಗಿನ ಲಿಂಕು ಮಾತ್ರ ನಾಲ್ಕೈದು ಸಾಲು ಹರಿದು, ವಂಚಕರ ಸಂದೇಶದಂತೆ ಕಾಣುತ್ತದೆ. ವಿಳಾಸಕ್ಕೆ ಇಂಗ್ಲಿಷ್ ಅಕ್ಷರ, ಶೀರ್ಷಿಕೆಗೆ ಕನ್ನಡ: ಕನ್ನಡದ ಮೇಲಿನ ಪ್ರೀತಿಗೆ ಇದರಿಂದ ಏನೂ ಕೊರತೆಯಾಗದು.

ಟ್ಯಾಗು ಎಲ್ಲಿ ಬರೆಯಬೇಕು ಎಂಬುದು ವೆಬ್‌ಸೈಟ್ ಕಟ್ಟಿದ ಬಗೆಯ ಮೇಲೆ ನಿಂತಿದೆ. ವರ್ಡ್‌ಪ್ರೆಸ್ ಆದರೆ ಯೋಸ್ಟ್, ರ‍್ಯಾಂಕ್ ಮ್ಯಾಥ್‌ನಂಥ ಪ್ಲಗಿನ್‌ಗಳಲ್ಲಿ ಪ್ರತಿ ಪುಟದ ಕೆಳಗೆ ಸೋಷಿಯಲ್ ಎಂಬ ಭಾಗವಿರುತ್ತದೆ, ಅಲ್ಲಿ ಚಿತ್ರ ಮತ್ತು ಶೀರ್ಷಿಕೆ ತುಂಬಿದರಾಯಿತು. ಆದರೆ ಎರಡು ಪ್ಲಗಿನ್ ಒಟ್ಟಿಗೆ ಚಾಲೂ ಇದ್ದರೆ ಎರಡು og:image ಬರುತ್ತವೆ, ಯಾವುದು ಗೆಲ್ಲುತ್ತದೆಂದು ಹೇಳಲಾಗದು. ಶಾಪಿಫೈ, ವಿಕ್ಸ್‌ನಂಥವು ಇಡೀ ತಾಣಕ್ಕೆ ಒಂದು ಚಿತ್ರ ಕೇಳುತ್ತವೆ. ಅದು ಬೇರೇನೂ ಸಿಗದಾಗ ಬಳಸುವ ಆಪದ್ಧನ. ಅದನ್ನೊಂದೇ ತುಂಬಿ ಸುಮ್ಮನಾದರೆ ನಮ್ಮ ಮಾಲೀಕರ Home ಕತೆಯೇ, ಯಾವ ಪುಟ ಕಳಿಸಿದರೂ ಅದೇ ಮುಖ.

ರಿಯಾಕ್ಟ್‌ನಂಥ ಹೊಸ ವಿಧಾನದಲ್ಲಿ ಕಟ್ಟಿದ ತಾಣಗಳದ್ದು ಗಮನಿಸಬೇಕಾದ ಕತೆ. ಅಲ್ಲಿ ಸರ್ವರಿನಿಂದ ಬರುವುದು ಅನೇಕ ಸಲ ಖಾಲಿ ಚೌಕಟ್ಟು. ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಓಡಿದ ಮೇಲೆ ಶೀರ್ಷಿಕೆ, ಚಿತ್ರ ಎಲ್ಲ ತುಂಬಿಕೊಳ್ಳುತ್ತವೆ. ಕಾರ್ಡು ಕಟ್ಟುವ ಆ್ಯಪ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಅವಕ್ಕೆ ಕಾಣುವುದು ಖಾಲಿ ಚೌಕಟ್ಟೇ. ಮಜವೆಂದರೆ ಕಟ್ಟಿದವನು ಬ್ರೌಸರಿನ ಪರೀಕ್ಷಾ ಕಿಟಕಿ ತೆರೆದು "ನೋಡಿ ಸರ್, ಟ್ಯಾಗ್ ಎಲ್ಲ ಇದೆ" ಎಂದು ತೋರಿಸುತ್ತಾನೆ. ಅವನು ತೋರಿಸುತ್ತಿರುವುದು ಓಡಿದ ನಂತರದ ಪುಟ. Ctrl ಮತ್ತು U ಒತ್ತಿದಾಗ ಬರುವುದು ಓಡುವ ಮುಂಚಿನದು, ವಾದ ತೀರುವುದು ಅಲ್ಲಿ. ಇನ್ನೂ ನಿಖರವಾಗಿ ಬೇಕೆಂದರೆ ವಾಟ್ಸ್‌ಆ್ಯಪ್‌ನದೇ ವೇಷ ಹಾಕಿ ಪುಟ ಕೇಳಬಹುದು:

```
curl -sL -A "WhatsApp/2.23.20.0" https://example.com/tope-teni | grep -i "og:"
```

ಉತ್ತರವಾಗಿ ನಾಲ್ಕು ಸಾಲು ಬಂದರೆ ಸರಿ. ಏನೂ ಬರದಿದ್ದರೆ ಟ್ಯಾಗು ಸರ್ವರಿನಿಂದ ಬರುತ್ತಲೇ ಇಲ್ಲ, ಅಥವಾ ಯಾರೋ ತಡೆದಿದ್ದಾರೆ. ತಡೆಯುವುದು ಸಾಮಾನ್ಯವಾಗಿ ತಾಣದ ಕಾವಲು ವ್ಯವಸ್ಥೆ. ಬರುವವರು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸುವ ಪುಟವನ್ನು ಅದು ಮುಂದೆ ನಿಲ್ಲಿಸುತ್ತದೆ, ಫೋನು ಪಾಪ ಆ ಪುಟದ ಶೀರ್ಷಿಕೆಯನ್ನೇ ಕಾರ್ಡಿಗೆ ಹಾಕುತ್ತದೆ. ಸೀರೆಯ ಬದಲು "Just a moment..." ಎಂದು ಕಾರ್ಡು ಬಂದರೆ ಕಾವಲು ಸಡಿಲಿಸಬೇಕು ಎಂದರ್ಥ. ಟ್ಯಾಗುಗಳು ಪುಟದ ತಲೆಯಲ್ಲೇ ಇರಬೇಕೆಂಬುದೂ ಮುಖ್ಯ. ಪುಟದ ಬರಹದ ಮೊದಲ 300 ಕೆಬಿಯೊಳಗೆ ಅವು ಸಿಗಬೇಕೆಂದು ವಾಟ್ಸ್‌ಆ್ಯಪ್ ಹೇಳುತ್ತದೆ. ಎಳೆದು ಬಿಡುವ ವಿನ್ಯಾಸದ ಪ್ಲಗಿನ್‌ಗಳು ಅಲಂಕಾರದ ಸಾಲುಗಳನ್ನೆಲ್ಲ ಮೇಲೆಯೇ ಸುರಿದು ಟ್ಯಾಗುಗಳನ್ನು ಕೆಳಗೆ ದೂಡುವುದುಂಟು.

ಈಗ ನಮ್ಮ ಇಳಕಲ್ಲಿನ ಅಂಗಡಿಯಲ್ಲಿ ಶೀರ್ಷಿಕೆ ಬರೆಸಿದ್ದಾಯಿತು, ಚಿತ್ರ 190 ಕೆಬಿಗೆ ಇಳಿಸಿದ್ದಾಯಿತು. ಮಾಲೀಕರು ಲಿಂಕು ಅಂಟಿಸಿ ನೋಡುತ್ತಾರೆ. ಮತ್ತೆ ಅದೇ ಬೂದಿ ಡಬ್ಬಿ! "ಏನೂ ಬದಲಾಗಿಲ್ಲಲ್ರೀ" ಎನ್ನುತ್ತಾರೆ. ಅವರು ಹಳೆಯ ಸಂದೇಶಕ್ಕೆ ಹೋಗಿ ನೋಡುತ್ತಿದ್ದರೆ ಅದು ಎಂದೂ ಬದಲಾಗದು, ಕಾರಣ ಮೊದಲೇ ಹೇಳಿದೆ. ಹೊಸದಾಗಿ ಅಂಟಿಸಿದರೂ ಹಳೆಯದೇ ಬಂದರೆ ಫೋನೋ, ನಡುವಿನ ಸರ್ವರೋ ಹಳೆಯ ಪುಟವನ್ನು ನೆನಪಿಟ್ಟುಕೊಂಡಿದೆ. ಲಿಂಕಿನ ಬಾಲಕ್ಕೆ ?v=2 ಎಂದು ಸೇರಿಸಿ ಅಂಟಿಸಿದರೆ ಫೋನು ಇದನ್ನು ಹೊಸ ವಿಳಾಸವೆಂದು ತಿಳಿದು ಮತ್ತೆ ಓದುತ್ತದೆ. ಚಿತ್ರ ಬದಲಿಸುವಾಗಲೂ ಹಳೆಯ ಕಡತದ ಮೇಲೆಯೇ ಹೊಸದನ್ನು ಏರಿಸದೆ tope-teni-2.jpg ಎಂದು ಹೊಸ ಹೆಸರು ಕೊಡುವುದೇ ಕ್ಷೇಮ. ಪರೀಕ್ಷೆಗೆ ಗಿರಾಕಿಗಳ ಗುಂಪು ಬೇಡ. ವಾಟ್ಸ್‌ಆ್ಯಪ್‌ನಲ್ಲಿ ನಮಗೆ ನಾವೇ ಸಂದೇಶ ಕಳಿಸಿಕೊಳ್ಳುವ ಚಾಟ್ ಇದೆ, ಅಲ್ಲಿ ಅಂಟಿಸಿ ನೋಡಬಹುದು. ಸಾಧ್ಯವಾದರೆ ಒಂದು ಆಂಡ್ರಾಯ್ಡ್, ಒಂದು ಐಫೋನ್ ಎರಡರಿಂದಲೂ.

ಇಲ್ಲೊಂದು ಗೊಂದಲ ಬಹಳ ಹಬ್ಬಿದೆ. ಫೇಸ್‌ಬುಕ್ಕಿನ Sharing Debugger ಎಂಬ ಪುಟದಲ್ಲಿ ಲಿಂಕು ಹಾಕಿ Scrape Again ಒತ್ತಿದರೆ ಎಲ್ಲ ಕಡೆ ಹೊಸ ಕಾರ್ಡು ಬರುತ್ತದೆ ಎಂಬ ನಂಬಿಕೆ. ಅದು ತಿದ್ದುವುದು ಫೇಸ್‌ಬುಕ್ಕಿನ ಸರ್ವರಿನ ನೆನಪನ್ನು ಮಾತ್ರ. ಟ್ಯಾಗಿನ ತಪ್ಪುಗಳನ್ನು ಹುಡುಕಲು ಅದು ಒಳ್ಳೆಯ ಸಾಧನ, ಆದರೆ ಗಿರಾಕಿಯ ಫೋನಿನಲ್ಲಿ ಕಟ್ಟುವ ಕಾರ್ಡಿನ ಮೇಲೆ ಅದರ ಅಧಿಕಾರ ನಡೆಯದು. ಟೆಲಿಗ್ರಾಂನದು ಫೇಸ್‌ಬುಕ್ಕಿನ ದಾರಿ: ಅಲ್ಲಿ ಕಾರ್ಡು ಕಟ್ಟುವುದು ಕಂಪನಿಯ ಸರ್ವರ್, ಒಮ್ಮೆ ಕಟ್ಟಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಅದನ್ನು ಮರೆಸಲು @WebpageBot ಎಂಬ ಖಾತೆಗೆ ಲಿಂಕು ಕಳಿಸಬೇಕು. ಲಿಂಕ್ಡ್‌ಇನ್‌ಗೆ Post Inspector ಇದೆ. ವಾಟ್ಸ್‌ಆ್ಯಪ್‌ಗೆ ಅಂಥ ಯಾವ ಬಾಗಿಲೂ ಇಲ್ಲ, ಇರಲು ಸಾಧ್ಯವೂ ಇಲ್ಲ. ನೆನಪು ಒಂದೇ ಕಡೆ ಇದ್ದರೆ ತಾನೆ ಅಳಿಸುವುದು?

ಕಾರ್ಡು ಕಟ್ಟಲು ಮೂರು ದಾರಿಗಳಿವೆ ಎಂದು 2020ರ ಅಕ್ಟೋಬರ್‌ನಲ್ಲಿ ತಲಾಲ್ ಹಜ್ ಬಕ್ರಿ ಮತ್ತು ಟಾಮಿ ಮಿಸ್ಕ್ ಎಂಬ ಇಬ್ಬರು ಸಂಶೋಧಕರು ವಿವರವಾಗಿ ಬಿಡಿಸಿ ತೋರಿಸಿದ್ದರು: ಕಳಿಸುವವರ ಫೋನು ಕಟ್ಟುವುದು, ಪಡೆಯುವವರ ಫೋನು ಕಟ್ಟುವುದು, ನಡುವಿನ ಸರ್ವರ್ ಕಟ್ಟುವುದು. ಪಡೆಯುವವರ ಫೋನು ಕಟ್ಟಿದರೆ, ಲಿಂಕು ಒತ್ತುವ ಮೊದಲೇ ಅವರ ಐಪಿ ವಿಳಾಸ ವೆಬ್‌ಸೈಟಿಗೆ ಸಿಕ್ಕಿಬಿಡುತ್ತದೆ. ಸರ್ವರ್ ಕಟ್ಟಿದರೆ ನೀವು ಕಳಿಸಿದ ಲಿಂಕು ಯಾವುದೆಂದು ಕಂಪನಿಗೆ ತಿಳಿಯುತ್ತದೆ. ಕಳಿಸುವವರು ಕಟ್ಟಿದರೆ ಅವರು ಹೇಗೂ ಆ ಪುಟವನ್ನು ನಂಬಿಯೇ ಕಳಿಸುತ್ತಿದ್ದಾರೆ ಎಂಬ ಸಮಾಧಾನವಿದೆ. ಅದೂ ಬೇಡವೆನ್ನುವವರಿಗೆ ವಾಟ್ಸ್‌ಆ್ಯಪ್‌ನ ಗೌಪ್ಯತೆಯ ಸೆಟ್ಟಿಂಗ್‌ನಲ್ಲಿ ಕಾರ್ಡನ್ನೇ ನಿಲ್ಲಿಸುವ ಆಯ್ಕೆ ಬಂದಿದೆ. ಗಿರಾಕಿ ಹಾಗೆ ನಿಲ್ಲಿಸಿಕೊಂಡು ನಿಮ್ಮ ಲಿಂಕನ್ನು ಹೊಸದಾಗಿ ಅಂಟಿಸಿ ತನ್ನ ಗೆಳತಿಗೆ ಕಳಿಸಿದರೆ ನಿಮ್ಮ ಟ್ಯಾಗು ಎಷ್ಟೇ ಸರಿಯಿದ್ದರೂ ಕಾರ್ಡು ಬರದು. ಎಷ್ಟು ಜನರಿಗೆ ಕಾರ್ಡು ತಲುಪಿತು ಎಂದು ಸರ್ವರಿನ ದಾಖಲೆ ನೋಡಿ ಎಣಿಸುವ ಪ್ರಯತ್ನವೂ ವ್ಯರ್ಥ. ನೂರು ಜನರ ಗುಂಪಿಗೆ ಕಳಿಸಿದರೂ ನಿಮ್ಮ ಬಾಗಿಲು ತಟ್ಟಿದ್ದು ಕಳಿಸಿದವರ ಒಂದು ಫೋನು.

ಈ ವಿಧಾನಕ್ಕೆ ಕೆಟ್ಟ ಮುಖವೂ ಇದೆ. ಟ್ಯಾಗಿನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಬ್ಯಾಂಕಿನ ಲಾಂಛನ, 'ಕೆವೈಸಿ ಇಂದೇ ನವೀಕರಿಸಿ' ಎಂಬ ಶೀರ್ಷಿಕೆ ಇಟ್ಟು ಕಳ್ಳ ಪುಟವೊಂದು ಸೊಗಸಾದ ಕಾರ್ಡು ಕೊಡುತ್ತದೆ, ಪಡೆದ ಫೋನು ಅದನ್ನು ಮರುಪರಿಶೀಲಿಸುವುದಿಲ್ಲ. ಆದ್ದರಿಂದ ಗಿರಾಕಿ ನೋಡಿ ನಂಬಬಹುದಾದದ್ದು ಸಂದೇಶದಲ್ಲಿರುವ ಲಿಂಕಿನ ತಾಣದ ಹೆಸರೊಂದನ್ನೇ. ಪ್ರಾಮಾಣಿಕ ವ್ಯಾಪಾರಿ ತನ್ನ ಸ್ವಂತ ಹೆಸರಿನ ವಿಳಾಸವನ್ನೇ ಕಳಿಸಬೇಕು, ಕಿರುಗೊಳಿಸಿದ ಲಿಂಕನ್ನಲ್ಲ. ಕಿರುಲಿಂಕಿಗೂ ಸಾಮಾನ್ಯವಾಗಿ ಮೂಲ ಪುಟದ ಕಾರ್ಡೇ ಬರುತ್ತದೆ, ಆದರೆ ಗಿರಾಕಿ ಬೆರಳಿಡುವ ಲಿಂಕಿನಲ್ಲಿ ಅಂಗಡಿಯ ಹೆಸರು ಇರುವುದಿಲ್ಲ.

ಮಾಲೀಕರಿಗೆ ಕೊನೆಗೆ ಉಳಿಯುವ ಆಸೆ ಬೆಲೆಯದು. "ಚಿತ್ರದ ಮ್ಯಾಲ ರೇಟ್ ಹಾಕಿಬಿಡ್ರಿ, ದೀಪಾವಳಿ ಆಫರ್ ಅಂತ ಕೆಂಪು ಪಟ್ಟಿನೂ ಇರ್ಲಿ." ನಾನು ಬೇಡವೆನ್ನುತ್ತೇನೆ. ಗಿರಾಕಿ ಸಂದೇಶವನ್ನು ಫಾರ್ವರ್ಡ್ ಮಾಡಿದಾಗ ಹಳೆಯ ಕಾರ್ಡೇ ಜೊತೆಗೆ ಹೋಗುತ್ತದೆ, ಫೋನು ಪುಟವನ್ನು ಮತ್ತೆ ಓದುವ ಗೋಜಿಗೆ ಹೋಗುವುದಿಲ್ಲ. ಈ ದೀಪಾವಳಿಯ ರಿಯಾಯಿತಿ ಮುಂದಿನ ಯುಗಾದಿಯಲ್ಲೂ ಯಾವುದೋ ಕುಟುಂಬದ ಗುಂಪಿನಲ್ಲಿ ಸುತ್ತುತ್ತಿರುತ್ತದೆ. ಆಗ ಗಿರಾಕಿ ಆ ಚಿತ್ರವನ್ನೇ ಮುಂದಿಟ್ಟುಕೊಂಡು ಫೋನು ಮಾಡುತ್ತಾರೆ, ಅವರದೇನೂ ತಪ್ಪಿಲ್ಲ. ಬೆಲೆ, ದಿನಾಂಕ, 'ಕೊನೆಯ ಮೂರು ಸೀರೆ' ಇವೆಲ್ಲ ಪುಟದೊಳಗಿರಲಿ, ಅಲ್ಲಿ ತಿದ್ದಬಹುದು. ಹೇಳಲೇಬೇಕಿದ್ದರೆ ಸಂದೇಶದಲ್ಲಿ ಲಿಂಕಿನ ಮೇಲೆ ಒಂದು ಸಾಲು ಟೈಪು ಮಾಡಿ ಕಳಿಸಲಿ.

ಅದೇ ಕಾರಣಕ್ಕೆ ಮಾರಾಟವಾದ ಸೀರೆಯ ಪುಟವನ್ನು ಅಳಿಸುವುದೂ ತಪ್ಪು. ಕಾರ್ಡಿನ ಚಿತ್ರ ಸಂದೇಶದೊಳಗೆ ಬದುಕಿರುತ್ತದೆ, ಒತ್ತಿದರೆ ಪುಟ ಸಿಕ್ಕಿಲ್ಲವೆಂಬ 404 ಬರುತ್ತದೆ. ಪುಟ ಹಾಗೇ ಇರಲಿ. 'ಈ ಸೀರೆ ಮುಗಿದಿದೆ' ಎಂದು ಮೇಲೆ ಬರೆದು, ಅದೇ ಬಣ್ಣದ ಬೇರೆ ನಾಲ್ಕು ಸೀರೆಗಳನ್ನು ಕೆಳಗೆ ತೋರಿಸಲಿ. ವೆಬ್‌ಸೈಟನ್ನೇ ಹೊಸದಾಗಿ ಕಟ್ಟಿಸಿ ವಿಳಾಸಗಳು ಬದಲಾಗುವುದಾದರೆ, ಹಳೆಯ ಪ್ರತಿ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ತಿರುವು ಹಾಕಿಸಿಕೊಳ್ಳದೆ ಹುಡುಗನಿಗೆ ಕೊನೆಯ ಕಂತಿನ ಹಣ ಕೊಡಬಾರದು.